ಫೋಟೊ ಓದುವ ಎಕ್ಸೆಲ್: ತಪ್ಪು ಹಿಡಿಯಲು ಶಿಲ್ಕಿನ ಕಾಲಂ ಸಾಕು

ಸಂಘದ ಖಜಾಂಚಿಯಾಗಿರಲಿ, ಸಣ್ಣ ಅಂಗಡಿಯ ಮಾಲೀಕರಾಗಿರಲಿ, ವರ್ಷದ ಲೆಕ್ಕ ಒಪ್ಪಿಸುವ ಹೊತ್ತಿಗೆ ಎದುರಾಗುವ ಕೆಲಸ ಒಂದೇ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ಸಾಲುಗಳನ್ನೆಲ್ಲ ಎಕ್ಸೆಲ್ ಹಾಳೆಗೆ ಇಳಿಸಬೇಕು. ಕೈಯಲ್ಲಿ ಟೈಪ್ ಮಾಡಿದರೆ ಸಂಜೆಯೆಲ್ಲ ಅದಕ್ಕೇ ಹೋಗುತ್ತದೆ. ಪುಟದ ಫೋಟೊ ತೆಗೆದು ಎಕ್ಸೆಲ್‌ಗೆ ಕೊಟ್ಟರೆ ಅದೇ ಅಂಕಿಗಳನ್ನು ಓದಿ ಸೆಲ್‌ಗಳಲ್ಲಿ ತುಂಬಿಕೊಡುವ ಸೌಲಭ್ಯ 2019ರಲ್ಲಿ ಮೊದಲು ಆಂಡ್ರಾಯ್ಡ್ ಫೋನಿನ ಎಕ್ಸೆಲ್ ಆ್ಯಪ್‌ನಲ್ಲಿ ಬಂತು, ಆಮೇಲೆ ಐಫೋನ್, ಮ್ಯಾಕ್ ಮತ್ತು ವಿಂಡೋಸ್‌ಗೂ ಬಂತು. ಒಂದು ಪುಟ ಒಂದು ನಿಮಿಷದೊಳಗೆ ಹಾಳೆಗೆ ಇಳಿಯುತ್ತದೆ. ಆದರೆ ಹಾಗೆ ಇಳಿದ ಪುಟದಲ್ಲಿ ತಪ್ಪು ಇಲ್ಲದಿರುವುದು ಅಪರೂಪ. ಆ ತಪ್ಪುಗಳನ್ನು ಕಣ್ಣಿನಿಂದ ಹುಡುಕಲು ಹೊರಟರೆ ಉಳಿಸಿದ ಸಮಯವೆಲ್ಲ ಮತ್ತೆ ಖರ್ಚಾಗುತ್ತದೆ, ಅಷ್ಟಾದರೂ ಒಂದೆರಡು ಉಳಿದೇ ಉಳಿಯುತ್ತವೆ. ಪಾಸ್‌ಬುಕ್ಕಿನಲ್ಲಿ ಅದರ ಅಗತ್ಯವಿಲ್ಲ. ಪ್ರತಿ ಸಾಲಿನ ಕೊನೆಯಲ್ಲಿ ಬ್ಯಾಂಕೇ ಅಚ್ಚು ಹಾಕಿರುವ ಶಿಲ್ಕು ಇದೆಯಲ್ಲ, ಯಾವ ಸಾಲು ತಪ್ಪಾಗಿದೆ, ಎಷ್ಟು ತಪ್ಪಾಗಿದೆ, ಯಾವ ಬಗೆಯ ತಪ್ಪು ಎನ್ನುವುದನ್ನೂ ಅದರಿಂದ ತಿಳಿಯಬಹುದು.

ಶುರು ಮಾಡುವ ಮೊದಲು ಒಂದು ಮಾತು. ನಿಮ್ಮ ಬ್ಯಾಂಕಿನ ಆ್ಯಪ್ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ಅದೇ ಅವಧಿಯ ಸ್ಟೇಟ್‌ಮೆಂಟ್ ಎಕ್ಸೆಲ್ ಫೈಲಾಗಿ ಸಿಗುವುದಾದರೆ ಫೋಟೊ ಗೊಡವೆಯೇ ಬೇಡ. ಪಿಡಿಎಫ್ ಆಗಿ ಸಿಕ್ಕರೂ ವಿಂಡೋಸ್ ಎಕ್ಸೆಲ್‌ನ `Get Data` ಪಟ್ಟಿಯಲ್ಲಿ `From File`, ಅದರೊಳಗೆ `From PDF` ಇದೆ. ಅಕ್ಷರಗಳು ಅಕ್ಷರಗಳಾಗಿಯೇ ಇರುವ ಪಿಡಿಎಫ್‌ನಿಂದ ಅದು ಅಂಕಿಗಳನ್ನು ಇದ್ದ ಹಾಗೆ ಎತ್ತಿಕೊಳ್ಳುತ್ತದೆ, ಚಿತ್ರ ನೋಡಿ ಊಹಿಸುವ ಪ್ರಮೇಯ ಬರುವುದಿಲ್ಲ. ಫೋಟೊ ದಾರಿ ಬೇಕಾಗುವುದು ಕಾಗದವೊಂದೇ ಕೈಯಲ್ಲಿ ಇರುವವರಿಗೆ. ನೆಟ್ ಬ್ಯಾಂಕಿಂಗ್ ತೆಗೆಸದ ಸಂಘದ ಖಾತೆ, ಮುಚ್ಚಿಹೋದ ಹಳೆಯ ಖಾತೆ, ಊರಿನ ಸಹಕಾರಿ ಸಂಘದ ಪಾಸ್‌ಬುಕ್ಕು ಇಂಥವುಗಳಿಗೆ.

ಕೆಲಸ ಅರ್ಧ ಗೆಲ್ಲುವುದೋ ಸೋಲುವುದೋ ಫೋಟೊದಲ್ಲೇ ತೀರ್ಮಾನವಾಗುತ್ತದೆ. ಪಾಸ್‌ಬುಕ್ಕು ನಡುವೆ ಹೊಲಿದ ಪುಸ್ತಕ. ಬಿಡಿಸಿಟ್ಟರೆ ಹೊಲಿಗೆಯ ಹತ್ತಿರ ಪುಟ ಉಬ್ಬಿಕೊಳ್ಳುತ್ತದೆ, ಸಾಲುಗಳು ಬಿಲ್ಲಿನಂತೆ ಬಾಗುತ್ತವೆ. ಬಾಗಿದ ಸಾಲನ್ನು ಎಕ್ಸೆಲ್ ಎರಡು ಸಾಲಾಗಿ ಓದುವುದುಂಟು, ಇಲ್ಲವೇ ಒಂದು ಸಾಲಿನ ಶಿಲ್ಕನ್ನು ಪಕ್ಕದ ಸಾಲಿನ ವಿವರಕ್ಕೆ ಅಂಟಿಸುವುದುಂಟು. ಪುಟವನ್ನು ಚಪ್ಪಟೆಯಾಗಿ ಒತ್ತಿ ಹಿಡಿಯಿರಿ, ಒಮ್ಮೆಗೆ ಒಂದೇ ಪುಟ ತೆಗೆಯಿರಿ, ಫೋನನ್ನು ನೇರ ಮೇಲಿನಿಂದ ಹಿಡಿಯಿರಿ. ಫ್ಲ್ಯಾಶ್ ಬೇಡ. ಕಿಟಕಿಯ ಪಕ್ಕದ ಹಗಲು ಬೆಳಕು ಸಾಕು, ನಿಮ್ಮ ಕೈಯ ನೆರಳು ಮಾತ್ರ ಪುಟದ ಮೇಲೆ ಬೀಳಬಾರದು. ಪಾಸ್‌ಬುಕ್ ಮುದ್ರಿಸುವ ಪ್ರಿಂಟರ್ ಅಂಕಿಗಳನ್ನು ಚುಕ್ಕಿಗಳಿಂದ ಮೂಡಿಸುತ್ತದೆ. ರಿಬ್ಬನ್ ಸವೆದಿದ್ದರೆ ಚುಕ್ಕಿಗಳ ನಡುವೆ ಬಿರುಕು ಬಿದ್ದು 8 ಎನ್ನುವುದು 3ರ ಹಾಗೆ ಕಾಣುತ್ತದೆ, ದಶಮಾಂಶದ ಚುಕ್ಕಿಯಂತೂ ಕಾಣೆಯೇ ಆಗುತ್ತದೆ. ಪುಟದಲ್ಲಿ ಮೊದಲೇ ಇರುವ ಗೆರೆಯ ಮೇಲೆ ಅಂಕಿ ಕೂತಿದ್ದರೆ ಉಲ್ಟಾ ತೊಂದರೆ: ಗೆರೆ ಸೇರಿಕೊಂಡು 3 ಹೋಗಿ 8 ಆಗುತ್ತದೆ. ಇದಕ್ಕೆ ಎಕ್ಸೆಲ್‌ನಲ್ಲಿ ಮದ್ದಿಲ್ಲ, ಫೋಟೊ ಸ್ಪಷ್ಟವಾಗಿದ್ದಷ್ಟೂ ತೊಂದರೆ ಕಡಿಮೆ.

ತೆಗೆದ ಮೇಲೆ ಕತ್ತರಿಸಿ. ಕೋಷ್ಟಕ ಬಿಟ್ಟು ಬೇರೇನೂ ಉಳಿಯಬಾರದು. ಖಾತೆ ಸಂಖ್ಯೆ, ಹೆಸರು, ವಿಳಾಸ ಇರುವ ಮೇಲ್ಭಾಗ ಲೆಕ್ಕಕ್ಕೆ ಬೇಕಿಲ್ಲ, ಅದು ಚಿತ್ರದಲ್ಲಿ ಇರದಿದ್ದರೆ ಗುಟ್ಟೂ ಉಳಿಯುತ್ತದೆ, ಕಾಲಂಗಳ ಲೆಕ್ಕವೂ ಕೆಡುವುದಿಲ್ಲ. ಶೀರ್ಷಿಕೆಯ ಸಾಲು ಕನ್ನಡದಲ್ಲಿದ್ದರೆ ಅದನ್ನೂ ಕತ್ತರಿಸಿಬಿಡಿ. ಈ ಸೌಲಭ್ಯಕ್ಕೆ ಮೈಕ್ರೋಸಾಫ್ಟ್ ಕೊಟ್ಟಿರುವ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷ್, ಫ್ರೆಂಚ್, ಟರ್ಕಿಶ್‌ನಂಥ ಲ್ಯಾಟಿನ್ ಅಕ್ಷರದ ಭಾಷೆಗಳಿವೆ, ಕನ್ನಡ ಇಲ್ಲ. ಕನ್ನಡದ ಪದ ಕಂಡಾಗ ಅದು ಸುಮ್ಮನೆ ಬಿಟ್ಟುಬಿಡುವುದಿಲ್ಲ, ತನಗೆ ಗೊತ್ತಿರುವ ಅಕ್ಷರಗಳಲ್ಲಿ ಏನನ್ನೋ ಬರೆದಿಡುತ್ತದೆ. ಶೀರ್ಷಿಕೆಗಳನ್ನು ನಾವೇ ಟೈಪ್ ಮಾಡಿದರೆ ಆಯಿತು. ಕೈಬರಹದ ಕಿರ್ದಿ ಪುಸ್ತಕವನ್ನು ಇದಕ್ಕೆ ಒಡ್ಡುವುದು ನನಗಂತೂ ಸರಿಕಾಣುವುದಿಲ್ಲ. ಅಚ್ಚಿನ ಅಂಕಿಯಲ್ಲೇ ಎಡವುವ ಸೌಲಭ್ಯ ಅದು, ಕೈಬರಹವನ್ನು ತಿದ್ದುವುದಕ್ಕಿಂತ ಟೈಪ್ ಮಾಡುವುದೇ ಬೇಗ ಮುಗಿಯುತ್ತದೆ.

ಫೋನಿನಲ್ಲಾದರೆ ಎಕ್ಸೆಲ್ ಆ್ಯಪ್‌ನಲ್ಲಿ ಖಾಲಿ ಹಾಳೆ ತೆರೆದು, ಕೋಷ್ಟಕದ ಮೇಲೆ ಕ್ಯಾಮೆರಾ ಇರುವ ಗುರುತನ್ನು ಒತ್ತಬೇಕು. ಕಂಪ್ಯೂಟರಿನಲ್ಲಿ `Data` ಟ್ಯಾಬ್‌ನಲ್ಲಿ `From Picture` ಇದೆ. ಅದನ್ನು ಒತ್ತಿದರೆ `Picture From File` ಮತ್ತು `Picture From Clipboard` ಎಂದು ಎರಡು ದಾರಿ ತೋರಿಸುತ್ತದೆ. ಫೋಟೊವನ್ನು ಫೋನಿನಲ್ಲಿ ತೆಗೆದು, ಓದಿಸುವ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವುದೇ ಒಳ್ಳೆಯದು. ಚಿತ್ರವನ್ನೂ ಅಂಕಿಗಳನ್ನೂ ಒಟ್ಟಿಗೆ ನೋಡಲು ಫೋನಿನ ಪರದೆ ಸಾಲುವುದಿಲ್ಲ. ಚಿತ್ರ ಕೊಟ್ಟ ಕೂಡಲೇ ಬಲಗಡೆ ಒಂದು ಪಟ್ಟಿ ತೆರೆದು ಮೇಲೆ ಚಿತ್ರ, ಕೆಳಗೆ ಎಕ್ಸೆಲ್ ಓದಿದ ಕೋಷ್ಟಕ ಕಾಣುತ್ತದೆ. ತನಗೆ ಅನುಮಾನವಿರುವ ಸೆಲ್‌ಗಳಿಗೆ ಅದು ಬಣ್ಣ ಹಚ್ಚಿರುತ್ತದೆ. `Review` ಒತ್ತುತ್ತಾ ಹೋದರೆ ಬಣ್ಣದ ಸೆಲ್‌ಗಳಿಗೆ ಒಂದೊಂದಾಗಿ ಕರೆದೊಯ್ಯುತ್ತದೆ. ಸರಿಯಿದ್ದರೆ `Accept`, ತಪ್ಪಿದ್ದರೆ ಅಲ್ಲೇ ತಿದ್ದಿ ಮುಂದಕ್ಕೆ. ಕೊನೆಗೆ `Insert Data` ಒತ್ತಿದರೆ ಹಾಳೆಗೆ ಇಳಿಯುತ್ತದೆ.

ಇಲ್ಲೇ ಬಹಳ ಜನ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಬಣ್ಣ ಹಚ್ಚಿದ ಸೆಲ್‌ಗಳೆಲ್ಲ ತಿದ್ದಿಯಾಯಿತು, ಉಳಿದದ್ದು ಸರಿಯಾಗಿಯೇ ಇರುತ್ತದೆ ಎನ್ನುವ ನಂಬಿಕೆ. ಆದರೆ ಬಣ್ಣ ಹೇಳುವುದು ಎಕ್ಸೆಲ್‌ನ ಅನುಮಾನವನ್ನು ಮಾತ್ರ. ಮಸುಕಾದ ಅಂಕಿಯ ಮುಂದೆ ಅದು ಅನುಮಾನಪಡುತ್ತದೆ, ಸ್ಪಷ್ಟವಾಗಿ ಕಂಡ ಅಂಕಿಯ ಮುಂದೆ ಪಡುವುದಿಲ್ಲ. ಗೆರೆ ಸೇರಿಕೊಂಡು ಅಚ್ಚುಕಟ್ಟಾದ 8 ಆಗಿ ಕಂಡ 3ಕ್ಕೆ ಬಣ್ಣವೇ ಇರುವುದಿಲ್ಲ. ಲೆಕ್ಕ ಕೆಡಿಸುವುದು ಇಂಥ ಬಣ್ಣವಿಲ್ಲದ ತಪ್ಪು. ಹಾಗಾಗಿ `Review` ಹಂತದಲ್ಲಿ ಹೆಚ್ಚು ಹೊತ್ತು ಕೂರಬೇಡಿ. ಎದ್ದು ಕಾಣುವುದನ್ನು ತಿದ್ದಿ ಹಾಳೆಗೆ ಇಳಿಸಿಕೊಳ್ಳಿ, ನಿಜವಾದ ಪರೀಕ್ಷೆ ಅಲ್ಲಿ.

ಹಾಳೆಯಲ್ಲಿ ಕಾಲಂಗಳು ಹೀಗೆ ಇವೆ ಎಂದುಕೊಳ್ಳೋಣ: Aಯಲ್ಲಿ ದಿನಾಂಕ, Bಯಲ್ಲಿ ವಿವರ, Cಯಲ್ಲಿ ಚೆಕ್ ಸಂಖ್ಯೆ, Dಯಲ್ಲಿ ತೆಗೆದ ಹಣ, Eಯಲ್ಲಿ ಜಮಾ, Fನಲ್ಲಿ ಶಿಲ್ಕು. ಮೊದಲ ಸಾಲು ಶೀರ್ಷಿಕೆ. ಎರಡನೆಯದು ಹಿಂದಿನ ಪುಟದಿಂದ ತಂದ ಶಿಲ್ಕು. ವಹಿವಾಟು ಶುರುವಾಗುವುದು ಮೂರನೆಯ ಸಾಲಿನಿಂದ.

ಮೊದಲು ಆಕಾರ ಸರಿಮಾಡಬೇಕು. ಪಾಸ್‌ಬುಕ್ಕಿನಲ್ಲಿ ವಿವರದ ಜಾಗ ಕಿರಿದು. ಯುಪಿಐ ವಹಿವಾಟಿನ ಉದ್ದದ ವಿವರ ಎರಡನೆಯ ಸಾಲಿಗೆ ಇಳಿಯುತ್ತದೆ, ಎಕ್ಸೆಲ್ ಅದನ್ನು ಬೇರೆಯದೇ ವಹಿವಾಟು ಎಂದು ತಿಳಿದು ಹೊಸ ಸಾಲು ಕೊಡುತ್ತದೆ. ಗುರುತು ಹಿಡಿಯುವುದು ಸುಲಭ, ಅಂಥ ಸಾಲಿನಲ್ಲಿ ಶಿಲ್ಕು ಇರುವುದಿಲ್ಲ. ಫಿಲ್ಟರ್ ಹಾಕಿ F ಕಾಲಂ ಖಾಲಿ ಇರುವ ಸಾಲುಗಳನ್ನು ಹೊರತೆಗೆಯಿರಿ, ಅವುಗಳ ವಿವರವನ್ನು ಮೇಲಿನ ಸಾಲಿಗೆ ಸೇರಿಸಿ, ಸಾಲನ್ನು ಅಳಿಸಿ. ಈಗ ಹಾಳೆಯಲ್ಲಿರುವ ಸಾಲುಗಳೂ ಪುಟದಲ್ಲಿರುವ ವಹಿವಾಟುಗಳೂ ಒಂದೇ ಸಂಖ್ಯೆಯಲ್ಲಿ ಇವೆಯೇ ಎಂದು ಎಣಿಸಿ ನೋಡಿ.

ಆಮೇಲೆ ಶಿಲ್ಕಿನ ಬಾಲ. ಅನೇಕ ಪಾಸ್‌ಬುಕ್ಕುಗಳಲ್ಲಿ ಶಿಲ್ಕಿನ ಮುಂದೆ Cr ಎಂದು ಅಂಟಿಕೊಂಡೇ ಅಚ್ಚಾಗಿರುತ್ತದೆ. ಅಕ್ಷರ ಸೇರಿದ ಅಂಕಿಯನ್ನು ಎಕ್ಸೆಲ್ ಅಂಕಿ ಎಂದು ಒಪ್ಪುವುದಿಲ್ಲ, ಬರೀ ಪಠ್ಯವೆಂದು ಇಟ್ಟುಕೊಳ್ಳುತ್ತದೆ. F ಕಾಲಂ ಒಂದನ್ನೇ ಆರಿಸಿ, Ctrl+H ಒತ್ತಿ, Cr ಇರುವಲ್ಲಿ ಏನೂ ಇಲ್ಲದಂತೆ ಬದಲಿಸಿ. ಒಂದೇ ಕಾಲಂ ಎನ್ನುವುದನ್ನು ಮರೆಯಬೇಡಿ, ಇಲ್ಲವಾದರೆ ವಿವರದಲ್ಲಿರುವ ಪದಗಳಿಂದಲೂ ಅಕ್ಷರಗಳು ಹಾರಿಹೋಗುತ್ತವೆ. Dr ಎಂದಿದ್ದರೆ ಅದು ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆದ ಗುರುತು. ಅದನ್ನು ಅಳಿಸಿ ಅಂಕಿಯ ಹಿಂದೆ ಮೈನಸ್ ಹಾಕಬೇಕು.

ಈಗ ತಾಳೆ ನೋಡುವ ಸೂತ್ರ. G3 ಸೆಲ್‌ನಲ್ಲಿ ಇದನ್ನು ಬರೆದು ಕೆಳಗಿನವರೆಗೂ ಎಳೆಯಿರಿ.

```
=ROUND(F2-D3+E3-F3,2)
```

ಹಿಂದಿನ ಸಾಲಿನ ಶಿಲ್ಕಿನಿಂದ ತೆಗೆದದ್ದನ್ನು ಕಳೆದು, ಜಮಾ ಕೂಡಿಸಿ, ಈ ಸಾಲಿನ ಶಿಲ್ಕನ್ನು ಕಳೆದರೆ ಸೊನ್ನೆ ಬರಬೇಕು. ಬರದಿದ್ದರೆ ಅಲ್ಲಿ ಏನೋ ತಪ್ಪಿದೆ. `ROUND` ಹಾಕದಿದ್ದರೆ ಪೈಸೆಗಳಿರುವ ಲೆಕ್ಕದಲ್ಲಿ ಕೆಲವೊಮ್ಮೆ ಸೊನ್ನೆಯ ಬದಲು ಸೊನ್ನೆಗೆ ಅತಿ ಹತ್ತಿರದ ವಿಚಿತ್ರ ಅಂಕಿ ಕಾಣಿಸಿಕೊಂಡು ಗಾಬರಿಪಡಿಸುತ್ತದೆ. ಎಕ್ಸೆಲ್ ದಶಮಾಂಶಗಳನ್ನು ಒಳಗೊಳಗೆ ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರಿಂದ ಹೀಗಾಗುತ್ತದೆ, ತಪ್ಪೇನಲ್ಲ.

ಈ ಸೂತ್ರದ ಗುಣ ನೋಡಿ. ಮೊದಲ ಶಿಲ್ಕು ಹಿಡಿದು ಕೆಳಗಿನವರೆಗೂ ನಾವೇ ಶಿಲ್ಕು ಕಟ್ಟುತ್ತಾ ಹೋಗಿದ್ದರೆ ಮೇಲೆಲ್ಲೋ ಆದ ಒಂದು ತಪ್ಪು ಕೆಳಗಿನ ಎಲ್ಲ ಸಾಲುಗಳನ್ನೂ ಕೆಡಿಸುತ್ತಿತ್ತು. ಇಲ್ಲಿ ಪ್ರತಿ ಸಾಲೂ ಬ್ಯಾಂಕು ಅಚ್ಚು ಹಾಕಿದ ಶಿಲ್ಕಿನಿಂದಲೇ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ತಪ್ಪು ತಾನಿದ್ದಲ್ಲೇ ಉಳಿಯುತ್ತದೆ.

ಲೆಕ್ಕಕ್ಕೆಂದು ಏಪ್ರಿಲ್ 2025ರ ಒಂದು ಪುಟ ಇಟ್ಟುಕೊಳ್ಳೋಣ. ಹಿಂದಿನ ಪುಟದಿಂದ ತಂದ ಶಿಲ್ಕು 48,215.50. ಅದು F2ರಲ್ಲಿದೆ. ಕೆಳಗಿನ ಏಳು ವಹಿವಾಟುಗಳನ್ನು ಎಕ್ಸೆಲ್ ಓದಿಕೊಂಡದ್ದು ಹೀಗೆ, ಕೊನೆಯ ಕಾಲಂ ನಮ್ಮ ಸೂತ್ರ ಕೊಟ್ಟ ಉತ್ತರ.

```
ಸಾಲು   D          E          F          G
3                 1500.00    49715.50   0
4      12860.00              37355.50   -500
5                 8,OOO.00   45355.50   #VALUE!
6                 6850.00    38505.50   13700
7      1770                  38487.80   -1752.3
8                 2250.00    40137.80   600
9      3480.00               37257.80   -600
```

ಏಳರಲ್ಲಿ ಒಂದೇ ಸಾಲು ಸೊನ್ನೆ. ಇಷ್ಟು ತಪ್ಪು ಒಂದೇ ಪುಟದಲ್ಲಿ ಬಂದರೆ ಸಾಮಾನ್ಯವಾಗಿ ಫೋಟೊ ಮತ್ತೆ ತೆಗೆಯುವುದೇ ಸರಿ. ಇಲ್ಲಿ ಎಲ್ಲ ಬಗೆಯನ್ನೂ ಒಟ್ಟಿಗೆ ತೋರಿಸಲೆಂದು ಹೀಗೆ ಜೋಡಿಸಿದ್ದೇನೆ. ಪುಟದ ಕಡೆ ನೋಡುವ ಮೊದಲು G ಕಾಲಂ ಏನು ಹೇಳುತ್ತಿದೆ ಎಂದು ಗಮನಿಸೋಣ.

ನಾಲ್ಕನೆಯ ಸಾಲಿನಲ್ಲಿ ವ್ಯತ್ಯಾಸ 500, ಒಂದೇ ಒಂದು ಅಂಕಿ, ಅದರ ಮುಂದೆ ಎರಡು ಸೊನ್ನೆ. ಒಂದು ಸ್ಥಾನದ ಅಂಕಿ ಮಾತ್ರ ಬದಲಾದಾಗ ವ್ಯತ್ಯಾಸ ಹೀಗೆಯೇ ಇರುತ್ತದೆ. ನೂರರ ಸ್ಥಾನದಲ್ಲಿ ಐದು ವ್ಯತ್ಯಾಸ ಬರಬೇಕಾದರೆ 3 ಇದ್ದದ್ದು 8 ಆಗಿರಬೇಕು. 12,860ರಲ್ಲಿ ನೂರರ ಸ್ಥಾನದಲ್ಲಿ ಇರುವುದು 8 ತಾನೇ. ಪುಟ ನೋಡಿದರೆ 12,360 ಎಂದಿದೆ, ಮೂರರ ಎಡಕ್ಕೆ ಕಾಲಂ ಗೆರೆ ಅಂಟಿಕೊಂಡಿದೆ. ಇದೇ ರೀತಿ ವ್ಯತ್ಯಾಸದಲ್ಲಿ 6 ಕಂಡರೆ 1 ಮತ್ತು 7 ಅದಲುಬದಲಾಗಿವೆಯೇ ನೋಡಿ, 0 ಮತ್ತು 6 ಕೂಡ ಆಗಬಹುದು. 1 ಎಂದು ಬಂದರೆ 5 ಮತ್ತು 6ರ ಗೊಂದಲ. ಕೈಯಲ್ಲಿ ಟೈಪ್ ಮಾಡುವಾಗ ನಾವು ಎರಡು ಅಂಕಿಗಳ ಜಾಗ ಬದಲಿಸುತ್ತೇವೆ, 63 ಹೋಗಿ 36 ಆಗುತ್ತದೆ, ಆಗ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ ಎನ್ನುವುದು ಲೆಕ್ಕಿಗರಿಗೆ ಗೊತ್ತಿರುವ ಹಳೆಯ ಉಪಾಯ. ಚಿತ್ರ ಓದುವ ಯಂತ್ರ ಜಾಗ ಬದಲಿಸುವುದಿಲ್ಲ, ಆಕಾರವನ್ನು ತಪ್ಪಾಗಿ ಗುರುತಿಸುತ್ತದೆ. ಅದಕ್ಕೇ ಇಲ್ಲಿ ನೋಡಬೇಕಾದದ್ದು ಆಕಾರ ಹೋಲುವ ಜೋಡಿಗಳನ್ನು.

ಐದನೆಯ ಸಾಲಿನ `#VALUE!` ಎಂದರೆ ಆ ಸಾಲಿನಲ್ಲಿ ಅಂಕಿಯಲ್ಲದ್ದೇನೋ ಇದೆ ಎಂದರ್ಥ. 8,OOO.00ರಲ್ಲಿರುವುದು ಸೊನ್ನೆಗಳಲ್ಲ, ಇಂಗ್ಲಿಷಿನ ದೊಡ್ಡ ಓ ಅಕ್ಷರಗಳು. ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಸೆಲ್‌ನಲ್ಲಿ ಅಂಕಿ ಬಲಕ್ಕೆ, ಪಠ್ಯ ಎಡಕ್ಕೆ ಒರಗುತ್ತದೆ, ಅದೊಂದೇ ಸುಳಿವು. ಈ ತಪ್ಪು ಬೇರೆಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ E ಕಾಲಂನ ಕೆಳಗೆ `SUM` ಹಾಕಿದ್ದರೆ ಅದು ಪಠ್ಯವನ್ನು ಮೌನವಾಗಿ ಬಿಟ್ಟು ಉಳಿದದ್ದನ್ನು ಮಾತ್ರ ಕೂಡಿಸುತ್ತದೆ. ಎಂಟು ಸಾವಿರ ರೂಪಾಯಿ ಮೊತ್ತದಿಂದ ಕಾಣೆಯಾಗುತ್ತದೆ, ಎಕ್ಸೆಲ್ ಒಂದು ಮಾತೂ ಆಡುವುದಿಲ್ಲ. ನಮ್ಮ ಸೂತ್ರದಲ್ಲಿ ಕೂಡುವ ಕಳೆಯುವ ಚಿಹ್ನೆಗಳನ್ನೇ ಬಳಸಿರುವುದರಿಂದ ಅದು ಮುಗ್ಗರಿಸಿ ಗಲಾಟೆ ಮಾಡಿತು, ಒಳ್ಳೆಯದೇ ಆಯಿತು. D, E, F ಮೂರೇ ಕಾಲಂ ಆರಿಸಿ Ctrl+Hನಿಂದ ಓ ಅಕ್ಷರವನ್ನು ಸೊನ್ನೆಗೆ, ಸಣ್ಣ ಎಲ್ ಅಕ್ಷರವನ್ನು 1ಕ್ಕೆ, ದೊಡ್ಡ ಎಸ್ ಅಕ್ಷರವನ್ನು 5ಕ್ಕೆ ಬದಲಿಸಿದರೆ ಇಂಥವು ಒಂದೇ ಸಲಕ್ಕೆ ಹೋಗುತ್ತವೆ. ಅಷ್ಟಾದರೂ `#VALUE!` ಹೋಗದಿದ್ದರೆ ಅಂಕಿಗಳ ನಡುವೆ ಖಾಲಿ ಜಾಗ ಉಳಿದಿದೆಯೇ ನೋಡಿ. ಖಾಲಿ ಕಾಣುವ ಸೆಲ್‌ನಲ್ಲೂ ಒಂದು ಸ್ಪೇಸ್ ಕೂತಿರಬಹುದು, ಆ ಸೆಲ್ ಆರಿಸಿ Delete ಒತ್ತಿ.

ಆರನೆಯ ಸಾಲಿನ 13,700ನ್ನು ನೋಡಿ. ಆ ಸಾಲಿನ ಮೊತ್ತ 6,850. ವ್ಯತ್ಯಾಸ ಅದರ ಸರಿಯಾಗಿ ಎರಡರಷ್ಟು. ಹಣ ತೆಗೆದದ್ದನ್ನು ಎಕ್ಸೆಲ್ ಜಮಾ ಕಾಲಂಗೆ ಹಾಕಿದೆ. ಕಳೆಯಬೇಕಾದದ್ದನ್ನು ಕೂಡಿಸಿದಾಗ ವ್ಯತ್ಯಾಸ ಇಮ್ಮಡಿಯಾಗುತ್ತದೆ. ಪಾಸ್‌ಬುಕ್ಕಿನಲ್ಲಿ ಇದು ಪದೇ ಪದೇ ಆಗುತ್ತದೆ. ಪ್ರತಿ ಸಾಲಿನಲ್ಲೂ ಎರಡರಲ್ಲಿ ಒಂದು ಕಾಲಂ ಖಾಲಿಯೇ ಇರುತ್ತದೆ, ನಡುವೆ ಗೆರೆ ಮಾಸಿದ್ದರೆ ಅಂಕಿ ಯಾವ ಕಾಲಂನದು ಎಂದು ಎಕ್ಸೆಲ್ ಅದು ಕೂತ ಜಾಗದಿಂದಷ್ಟೇ ಅಂದಾಜು ಮಾಡಬೇಕು. ಪುಟ ಸ್ವಲ್ಪ ಓರೆಯಾಗಿದ್ದರೂ ಅಂದಾಜು ತಪ್ಪುತ್ತದೆ. ಅಂಕಿಯನ್ನು ಕತ್ತರಿಸಿ D6ಕ್ಕೆ ಅಂಟಿಸಿದರೆ ಸೊನ್ನೆ ಬರುತ್ತದೆ.

ಏಳನೆಯ ಸಾಲಿನ 1,752.30 ಮೊದಲ ನೋಟಕ್ಕೆ ಅರ್ಥವಾಗುವುದಿಲ್ಲ. ಅದನ್ನು 99ರಿಂದ ಭಾಗಿಸಿ, 17.70 ಬರುತ್ತದೆ. ದಶಮಾಂಶದ ಚುಕ್ಕಿ ಕಾಣೆಯಾದರೆ ಮೊತ್ತ ನೂರುಪಟ್ಟಾಗುತ್ತದೆ, ನೂರರಲ್ಲಿ ಒಂದು ಕಳೆದು ಉಳಿದ ತೊಂಬತ್ತೊಂಬತ್ತು ಪಟ್ಟು ವ್ಯತ್ಯಾಸವಾಗಿ ಕಾಣುತ್ತದೆ. ಪುಟದಲ್ಲಿರುವುದು 17.70, ಎಸ್ಸೆಮ್ಮೆಸ್ ಶುಲ್ಕ 15 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ. ಚುಕ್ಕಿ ಕಳೆದುಹೋಗಿ 1770 ಆಗಿದೆ. ವ್ಯತ್ಯಾಸ 99ರಿಂದ ಭಾಗಿಸಿದಾಗ ಪೈಸೆಯವರೆಗೆ ನಿಖರವಾದ ಮೊತ್ತ ಬಂದು, ಅದು ಆ ಸಾಲಿನ ಅಂಕಿಗಳನ್ನೇ ಹೋಲುತ್ತಿದ್ದರೆ ಚುಕ್ಕಿಯದೇ ಕೆಲಸ.

ಎಂಟು ಮತ್ತು ಒಂಬತ್ತನೆಯ ಸಾಲುಗಳನ್ನು ಒಟ್ಟಿಗೆ ಓದಬೇಕು. ಒಂದರಲ್ಲಿ 600, ಮುಂದಿನದರಲ್ಲಿ ಮೈನಸ್ 600. ತಪ್ಪು ಎರಡಲ್ಲ, ಒಂದೇ. ಎಂಟನೆಯ ಸಾಲಿನ ಶಿಲ್ಕು ತಪ್ಪಾಗಿದೆ, 40,737.80 ಎಂದಿರಬೇಕಾದ್ದು 40,137.80 ಆಗಿದೆ. ಶಿಲ್ಕು ಎರಡು ಸಾಲುಗಳ ಲೆಕ್ಕದಲ್ಲಿ ಬರುತ್ತದೆ, ಒಮ್ಮೆ ತನ್ನ ಸಾಲಿನಲ್ಲಿ ಕಳೆಯುವ ಅಂಕಿಯಾಗಿ, ಇನ್ನೊಮ್ಮೆ ಮುಂದಿನ ಸಾಲಿನಲ್ಲಿ ಶುರುವಿನ ಅಂಕಿಯಾಗಿ. ಅದಕ್ಕೇ ಶಿಲ್ಕಿನ ತಪ್ಪು ಸದಾ ಜೋಡಿಯಾಗಿ, ಒಂದು ಕೂಡಿ ಒಂದು ಕಳೆದು ಬರುತ್ತದೆ. ತೆಗೆದದ್ದು ಅಥವಾ ಜಮಾ ತಪ್ಪಿದ್ದರೆ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಈ ವ್ಯತ್ಯಾಸ ತಿಳಿದಿದ್ದರೆ ಚಿತ್ರದಲ್ಲಿ ಯಾವ ಸೆಲ್ ನೋಡಬೇಕು ಎನ್ನುವುದು ನೋಡುವ ಮೊದಲೇ ಗೊತ್ತಿರುತ್ತದೆ. ಪುಟದ ಕಟ್ಟಕಡೆಯ ಸಾಲಿನ ಶಿಲ್ಕಿಗೆ ಮಾತ್ರ ಮುಂದಿನ ಸಾಲಿಲ್ಲ, ಅದರ ತಪ್ಪಿಗೆ ಜೋಡಿ ಕಾಣುವುದಿಲ್ಲ. ಮುಂದಿನ ಪುಟದ ಮೇಲೆ ತಂದ ಶಿಲ್ಕೆಂದು ಅದೇ ಅಂಕಿ ಮತ್ತೆ ಅಚ್ಚಾಗಿರುತ್ತದೆ, ಅದಕ್ಕೆ ಹೋಲಿಸಿ ನೋಡಬೇಕು.

ಇನ್ನೊಂದು ಸಾಧ್ಯತೆ ಉಳಿಯಿತು. ವ್ಯತ್ಯಾಸ ಯಾವ ಜೋಡಿಗೂ ಹೊಂದದೆ, ಒಂದು ಪೂರ್ತಿ ಮೊತ್ತದ ಹಾಗೆ, 2,345 ಎಂಬಂತೆ ಕಂಡರೆ ನಡುವೆ ಒಂದು ಸಾಲೇ ಬಿಟ್ಟುಹೋಗಿರಬಹುದು. ಬಿಟ್ಟ ವಹಿವಾಟಿನ ಮೊತ್ತವೇ ವ್ಯತ್ಯಾಸವಾಗಿ ನಿಲ್ಲುತ್ತದೆ. ಮೊದಲೇ ಸಾಲುಗಳನ್ನು ಎಣಿಸಿದ್ದರೆ ಇಲ್ಲಿಗೆ ಬರುವ ಪ್ರಮೇಯ ಇರುವುದಿಲ್ಲ. ಯಾವ ಸಂದರ್ಭದಲ್ಲೂ G ಕಾಲಂ ಹೇಳಿತೆಂದು ಅಂಕಿಯನ್ನು ಲೆಕ್ಕ ಹಾಕಿ ತುಂಬಬೇಡಿ. ಅದು ಹೇಳುವುದು ಎಲ್ಲಿ ನೋಡಬೇಕೆಂದು, ಏನು ಬರೆಯಬೇಕೆಂದು ಹೇಳುವುದು ಪುಟ ಮಾತ್ರ.

G ಕಾಲಂ ಪೂರ್ತಿ ಸೊನ್ನೆ ತೋರಿಸಿದ ಮೇಲೆ ಈ ತಾಳೆಯ ಕೈ ಎಟುಕದ ಎರಡು ಕಾಲಂ ಉಳಿಯುತ್ತವೆ, ದಿನಾಂಕ ಮತ್ತು ಚೆಕ್ ಸಂಖ್ಯೆ.

ದಿನಾಂಕದ ಮುಖ್ಯ ತಪ್ಪು ಚಿತ್ರ ಓದುವುದರಲ್ಲಿ ಆಗುವುದಲ್ಲ, ಓದಿದ ಮೇಲೆ ಆಗುವುದು. ನಿಮ್ಮ ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 02-04-2025 ಎನ್ನುವುದು ಫೆಬ್ರುವರಿ 4 ಆಗುತ್ತದೆ. ನಮ್ಮ ಪುಟದ ದಿನಾಂಕಗಳು ಏಪ್ರಿಲ್ 2, 3, 5, 11, 15, 16 ಮತ್ತು 22. ಇವುಗಳಲ್ಲಿ ಮೊದಲ ನಾಲ್ಕು ಫೆಬ್ರುವರಿ 4, ಮಾರ್ಚ್ 4, ಮೇ 4, ನವೆಂಬರ್ 4 ಆಗಿ ಕೂರುತ್ತವೆ. ಹದಿನೈದನೆಯ ತಿಂಗಳು ಇಲ್ಲದ ಕಾರಣ ಉಳಿದ ಮೂರು ಪಠ್ಯವಾಗಿ ಎಡಕ್ಕೆ ಒರಗಿ ನಿಲ್ಲುತ್ತವೆ. ದಿನಾಂಕಗಳು ಏರುವ ಕ್ರಮದಲ್ಲಿ ಇವೆಯೇ ಎಂದು ನೋಡುವವರಿದ್ದಾರೆ, ಆದರೆ ಇಲ್ಲಿ ಆ ಪರೀಕ್ಷೆ ಮೋಸ ಮಾಡುತ್ತದೆ: ಫೆಬ್ರುವರಿ, ಮಾರ್ಚ್, ಮೇ, ನವೆಂಬರ್ ಕೂಡ ಏರುವ ಕ್ರಮವೇ. ಸುಲಭದ ಪರೀಕ್ಷೆ ಎಂದರೆ ಒಂದು ಖಾಲಿ ಕಾಲಂನಲ್ಲಿ `=TEXT(A3,"mmm")` ಎಂದು ಬರೆದು ಕೆಳಗೆ ಎಳೆಯುವುದು. ಎಲ್ಲ ಸಾಲಿನಲ್ಲೂ Apr ಎಂದೇ ಬರಬೇಕು. ಬರದಿದ್ದರೆ ಸೆಟ್ಟಿಂಗ್‌ನಲ್ಲಿ ಪ್ರದೇಶವನ್ನು English (India) ಎಂದು ಬದಲಿಸಿ, ಎಕ್ಸೆಲ್ ಮುಚ್ಚಿ ತೆರೆದು, ಚಿತ್ರವನ್ನು ಮತ್ತೆ ಓದಿಸುವುದು ಎಲ್ಲಕ್ಕಿಂತ ಶುದ್ಧವಾದ ದಾರಿ. ಹಣದ ಕಾಲಂಗಳನ್ನು ಆಗಲೇ ತಿದ್ದಿ ಮುಗಿಸಿದ್ದು, ಮತ್ತೆ ಶುರು ಮಾಡಲು ಮನಸ್ಸಿಲ್ಲದಿದ್ದರೆ ಈ ಸೂತ್ರ ಎರಡು ಬಗೆಯನ್ನೂ ಸರಿಪಡಿಸುತ್ತದೆ.

```
=IF(ISNUMBER(A3),DATE(YEAR(A3),DAY(A3),MONTH(A3)),
DATE(RIGHT(A3,4),MID(A3,4,2),LEFT(A3,2)))
```

ದಿನಾಂಕವಾಗಿ ಕೂತದ್ದರಲ್ಲಿ ದಿನ ಮತ್ತು ತಿಂಗಳನ್ನು ಅದಲುಬದಲು ಮಾಡುತ್ತದೆ, ಪಠ್ಯವಾಗಿ ಉಳಿದದ್ದನ್ನು ತುಂಡು ಮಾಡಿ ದಿನಾಂಕ ಕಟ್ಟುತ್ತದೆ. ಉತ್ತರವನ್ನು ನಕಲು ಮಾಡಿ A ಕಾಲಂ ಮೇಲೆ ಮೌಲ್ಯವಾಗಿ ಮಾತ್ರ ಅಂಟಿಸಿ, ಸೂತ್ರವನ್ನು ಅಳಿಸಿಬಿಡಿ. ಅದೇ ಕಾಲಂಗೆ ಎರಡನೆಯ ಸಲ ಹಾಕಿದರೆ ಸರಿಯಾದದ್ದೂ ಮತ್ತೆ ತಿರುಗಿ ಕೂರುತ್ತದೆ.

ಚೆಕ್ ಸಂಖ್ಯೆ ನಮ್ಮಲ್ಲಿ ಆರು ಅಂಕಿಯದು. 000412 ಎಂದು ಅಚ್ಚಾಗಿರುವುದನ್ನು ಎಕ್ಸೆಲ್ 412 ಎಂದು ಇಟ್ಟುಕೊಳ್ಳುತ್ತದೆ. ಬೆಲೆ ಅದೇ ಆದರೂ ಚೆಕ್ ಪುಸ್ತಕದ ಕೌಂಟರ್‌ಫಾಯಿಲ್ ಜೊತೆ ಹೋಲಿಸುವಾಗ ತೊಡಕು. ಕಾಲಂ ಆರಿಸಿ ಸೆಲ್ ಫಾರ್ಮ್ಯಾಟ್‌ನ `Custom`ನಲ್ಲಿ 000000 ಎಂದು ಕೊಟ್ಟರೆ ಸೊನ್ನೆಗಳು ಮರಳಿ ಕಾಣುತ್ತವೆ. ಇದಕ್ಕಿಂತ ಗಂಭೀರವಾದದ್ದು ಉದ್ದದ ಸಂಖ್ಯೆಗಳದು. ಎಕ್ಸೆಲ್ ಒಂದು ಅಂಕಿಯಲ್ಲಿ 15 ಸ್ಥಾನಗಳನ್ನು ಮಾತ್ರ ಸರಿಯಾಗಿ ಉಳಿಸಿಕೊಳ್ಳುತ್ತದೆ, ಹದಿನಾರನೆಯದರಿಂದ ಮುಂದೆ ಸೊನ್ನೆ ತುಂಬುತ್ತದೆ. 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆಗೆ ತೊಂದರೆಯಿಲ್ಲ, E+11 ಎಂದು ವಿಚಿತ್ರವಾಗಿ ಕಂಡರೂ ಅಂಕಿ ಒಳಗೆ ಹಾಗೇ ಇರುತ್ತದೆ. ಹದಿನಾರು ಅಂಕಿಯ ಖಾತೆ ಸಂಖ್ಯೆ ಹೀಗೆ ಹಾಳಾಗಿದ್ದರೆ ಯಾವ ಸೂತ್ರದಿಂದಲೂ ವಾಪಸು ಬರುವುದಿಲ್ಲ. ಸೆಲ್ ಅನ್ನು ಪಠ್ಯವೆಂದು ಬದಲಿಸಿ ಪುಟ ನೋಡಿಕೊಂಡು ಮತ್ತೆ ಟೈಪ್ ಮಾಡಬೇಕು.

ಮುಂದಿನ ಪುಟವನ್ನು ಬೇರೆ ಹಾಳೆಯಲ್ಲಿ ಓದಿಸಿ, ಇದೇ ರೀತಿ ತಿದ್ದಿ, ಅದರ ತಂದ ಶಿಲ್ಕಿನ ಸಾಲನ್ನು ಬಿಟ್ಟು ಉಳಿದದ್ದನ್ನು ಮೊದಲ ಪುಟದ ಕೆಳಗೆ ಅಂಟಿಸಿ, G ಕಾಲಂ ಸೂತ್ರವನ್ನು ಪುಟಗಳು ಸೇರುವ ಜಾಗದ ಮೇಲಿನಿಂದಲೇ ಮತ್ತೆ ಎಳೆಯಿರಿ. ಎರಡು ಪುಟ ಸೇರುವ ಸಾಲಿನಲ್ಲಿ ಸೊನ್ನೆ ಬಂದರೆ ನಡುವೆ ಯಾವ ಪುಟವೂ ಬಿಟ್ಟಿಲ್ಲ. ವರ್ಷದ ಎಲ್ಲ ಪುಟಗಳೂ ಸೇರಿದ ಮೇಲೆ G ಕಾಲಂ ಅಳಿಸಬೇಡಿ, ಹಾಗೆಯೇ ಇರಲಿ. ಲೆಕ್ಕ ಪರಿಶೋಧಕರು ಕೇಳುವ ಮೊದಲ ಪ್ರಶ್ನೆ ಹಾಳೆಯ ಅಂಕಿಗಳು ಪಾಸ್‌ಬುಕ್ಕಿಗೆ ಹೊಂದುತ್ತವೆಯೇ ಎನ್ನುವುದು. ಮೇಲಿನಿಂದ ಕೆಳಗಿನವರೆಗೂ ಸೊನ್ನೆ ಇರುವ ಕಾಲಂ ಮತ್ತು ಪುಟಗಳ ಫೋಟೊ ಎರಡನ್ನೂ ಅವರ ಮುಂದಿಡಬಹುದು.